ಎರಡು ನಾಣ್ಯಗಳ ನಡುವಿನ ಬಡ್ಡಿ

ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು ಎಂದು ನಮ್ಮ ಸೀಮೆಯ ಚರಿತ್ರೆಯನ್ನು ಮಕ್ಕಳಿಗೆ ಹೇಳಿಕೊಡುತ್ತಾ ನನಗೆ ಮೂವತ್ತು ವರ್ಷಗಳೇ ಆದವು. ಬಸದಿ, ಅರಮನೆ, ಶಾಸನಗಳ ಬಗ್ಗೆ ಪುಸ್ತಕಗಳಿವೆ, ಪರೀಕ್ಷೆಯಲ್ಲಿ ಪ್ರಶ್ನೆಗಳೂ ಬರುತ್ತವೆ. ಆದರೆ ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗುವಾಗ ಎಡಕ್ಕೂ ಬಲಕ್ಕೂ ಕಾಣುವ ತಾರಸಿ ಮನೆಗಳಿಗೆ ಯಾವ ಶಾಸನವೂ ಇಲ್ಲ. ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂದದ್ದು, ಹಂಚು ಹೋಗಿ ತಾರಸಿ ಬಂದದ್ದು, ಮುರಕಲ್ಲಿನ ಗೋಡೆಗೆ ಗಿಲಾವು ಬಿದ್ದದ್ದು ಬಹುಪಾಲು ಎಪ್ಪತ್ತರ ದಶಕದ ನಂತರ, ಸಮುದ್ರದಾಚೆಯಿಂದ ಬಂದ ದುಡ್ಡಿನಲ್ಲಿ. ಆ ದುಡ್ಡು ಹೇಗೆ ಬಂತು ಎಂಬುದು ಎಲ್ಲರಿಗೂ ಗೊತ್ತು. ಬಂದ ಮೇಲೆ, ಕೆಲವೊಮ್ಮೆ ಬರುವುದಕ್ಕೂ ಮೊದಲೇ, ಅದು ಬಡ್ಡಿಯನ್ನು ಹುಡುಕಿಕೊಂಡು ಒಂದು ನಾಣ್ಯದಿಂದ ಇನ್ನೊಂದು ನಾಣ್ಯಕ್ಕೆ ಹೇಗೆ ಹಾರಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಇದೂ ಒಂದು ಚರಿತ್ರೆಯೇ ಎಂದು ನನಗೆ ಅನ್ನಿಸುತ್ತದೆ.

ಹಣಕಾಸಿನವರು ಇದನ್ನು ‘ಕ್ಯಾರಿ ಟ್ರೇಡ್’ ಎನ್ನುತ್ತಾರೆ. ಬಡ್ಡಿ ಕಡಿಮೆಯಿರುವ ನಾಣ್ಯದಲ್ಲಿ ಸಾಲ ತೆಗೆದು, ಬಡ್ಡಿ ಹೆಚ್ಚಿರುವ ನಾಣ್ಯದಲ್ಲಿ ಅದನ್ನು ಇಟ್ಟು, ನಡುವಿನ ವ್ಯತ್ಯಾಸವನ್ನು ಜೇಬಿಗೆ ಹಾಕುವ ವ್ಯವಹಾರ. ಹೆಸರು ದೊಡ್ಡದು, ಬುದ್ಧಿ ನಮಗೆ ಹೊಸತಲ್ಲ. ಊರಿನ ಸಹಕಾರಿ ಸಂಘದಿಂದ ಶೂನ್ಯ ಬಡ್ಡಿಯ ಬೆಳೆಸಾಲ ತೆಗೆದು, ಅದನ್ನು ತೋಟಕ್ಕೆ ಹಾಕದೆ ಪಕ್ಕದ ಬ್ಯಾಂಕಿನಲ್ಲಿ ಠೇವಣಿ ಇಡುವ ಅಡಕೆ ಬೆಳೆಗಾರರನ್ನು ನಾನೂ ಕಂಡಿದ್ದೇನೆ, ನೀವೂ ಕಂಡಿರುತ್ತೀರಿ. ವರ್ಷ ತುಂಬುವಾಗ ಅಸಲನ್ನು ಸಂಘಕ್ಕೆ ಕಟ್ಟಿ ಬಡ್ಡಿಯನ್ನು ತಾವು ಇಟ್ಟುಕೊಳ್ಳುತ್ತಾರೆ. ಅದು ಸರಿಯೋ ತಪ್ಪೋ, ಅದರಲ್ಲಿ ಅಪಾಯವಂತೂ ಇಲ್ಲ. ತೆಗೆದದ್ದೂ ರೂಪಾಯಿ, ಇಟ್ಟದ್ದೂ ರೂಪಾಯಿ, ಹಿಂದಿರುಗಿಸಬೇಕಾದದ್ದೂ ರೂಪಾಯಿ. ಸಾಲ ಒಂದು ನಾಣ್ಯದಲ್ಲಿ, ಠೇವಣಿ ಇನ್ನೊಂದು ನಾಣ್ಯದಲ್ಲಿ ಎಂದಾದಾಗ ಮಾತ್ರ ಮೂರನೆಯದೊಂದು ಸಂಗತಿ ನಡುವೆ ಬಂದು ಕೂರುತ್ತದೆ. ಅದು ವಿನಿಮಯ ದರ. ಈ ದರ ಕೆಟ್ಟಾಗ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎನ್ನುವುದರಲ್ಲಿ ಎಲ್ಲ ಕತೆಯೂ ಇದೆ.

ನಮ್ಮ ದೇಶದಲ್ಲಿ ಈ ಹೊರೆಯನ್ನು ಮೊದಲು ಹೊತ್ತದ್ದು ಸ್ವತಃ ರಿಸರ್ವ್ ಬ್ಯಾಂಕ್. 1973ರ ನಂತರ ಎಣ್ಣೆಯ ಬೆಲೆ ಏರಿ ನಮಗೆ ಡಾಲರಿನ ಬರ ಬಂದಾಗ, ಹೊರದೇಶದಲ್ಲಿ ದುಡಿಯುವ ಭಾರತೀಯರ ಉಳಿತಾಯವನ್ನು ಊರಿಗೆ ಕರೆಸುವ ಉಪಾಯ ಹುಡುಕಿದರು. 1975ರ ನವೆಂಬರಿನಲ್ಲಿ ಎಫ್‌ಸಿಎನ್‌ಆರ್ ಎಂಬ ಠೇವಣಿ ಶುರುವಾಯಿತು. ಡಾಲರಿನಲ್ಲೋ ಪೌಂಡಿನಲ್ಲೋ ಇಟ್ಟರೆ ಅದೇ ನಾಣ್ಯದಲ್ಲಿ ಅಸಲೂ ಬಡ್ಡಿಯೂ ವಾಪಸ್. ರೂಪಾಯಿ ಎಷ್ಟು ಬಿದ್ದರೂ ಇಟ್ಟವನಿಗೆ ಚಿಂತೆಯಿಲ್ಲ, ಠೇವಣಿ ಪಡೆದ ಬ್ಯಾಂಕಿಗೂ ಚಿಂತೆಯಿಲ್ಲ, ಏಕೆಂದರೆ ದರದ ವ್ಯತ್ಯಾಸವನ್ನು ತುಂಬಿಕೊಡುವ ಭರವಸೆ ರಿಸರ್ವ್ ಬ್ಯಾಂಕಿನದು. ಬಡ್ಡಿಯೋ, ಹೊರಗಿನ ಮಾರುಕಟ್ಟೆಯಲ್ಲಿ ಸಿಗುವುದಕ್ಕಿಂತ ತುಸು ಹೆಚ್ಚು. ಅಲ್ಲಿ ಸಾಲ ಪಡೆದು ಇಲ್ಲಿ ಇಡುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಎಲ್ಲಿ ಸಿಕ್ಕೀತು?

ಎರಡಾಣೆಯ ಪಿಗ್ಮಿಯಿಂದ ಉಳಿತಾಯ ಕಲಿತ ಜಿಲ್ಲೆ ನಮ್ಮದು. ನಾಲ್ಕಾರು ದೊಡ್ಡ ಬ್ಯಾಂಕುಗಳು ಇಲ್ಲಿಯ ಮಣ್ಣಿನಲ್ಲಿ ಹುಟ್ಟಿದವು. ಗಲ್ಫಿನ ಖಾತೆಗಳಿಗೆ ನಮ್ಮ ಬ್ಯಾಂಕುಗಳಲ್ಲಿ ಬೇರೆಯೇ ಮರ್ಯಾದೆ ಇತ್ತು. ರಜೆಯಲ್ಲಿ ಬಂದವರನ್ನು ಮ್ಯಾನೇಜರರು ಒಳಗೆ ಕರೆದು ಕೂರಿಸಿ ಚಹಾ ತರಿಸುತ್ತಿದ್ದರು. ನನ್ನ ತಂದೆ ಶಾಲಾ ಮಾಸ್ತರರು. ಅವರಿಗೆ ಅಂಥ ಚಹಾ ಎಂದೂ ಸಿಗಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈಟಿಗೆ ನುಗ್ಗಿತು. ನಾನಾಗ ಬಿ.ಎ. ಓದುತ್ತಿದ್ದೆ. ನಮ್ಮ ನೆರೆಮನೆಯ ಹಿರಿಯ ಮಗ ಕುವೈಟಿನಲ್ಲಿದ್ದ. ಸುದ್ದಿಯಿಲ್ಲದೆ ವಾರಗಳು ಹೋದವು. ಕೊನೆಗೆ ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬಂದಾಗ ಅವನ ಕೈಯಲ್ಲಿದ್ದದ್ದು ಒಂದು ಚೀಲ. ಹಾಗೆ ಆ ಎರಡು ತಿಂಗಳಲ್ಲಿ ಬಂದವರು ಒಟ್ಟು 1 ಲಕ್ಷ 70 ಸಾವಿರದಷ್ಟು ಮಂದಿ. ಅವನ ತಾಯಿ ದೇವರಿಗೆ ಹರಕೆ ಒಪ್ಪಿಸಿದ ಮರುದಿನವೇ ಅವನು ಬ್ಯಾಂಕಿಗೆ ಹೋಗಿ ಠೇವಣಿ ಮುರಿದ. ಬೇರೆ ದಾರಿ ಇರಲಿಲ್ಲ, ಮನೆ ಅರ್ಧ ಕಟ್ಟಿ ನಿಂತಿತ್ತು.

ಆದರೆ ಆಗ ದೇಶದಿಂದ ಹೊರಹೋದ ದುಡ್ಡೆಲ್ಲ ಇಂಥವರದಲ್ಲ. ಇವನು ತೆಗೆದದ್ದು ಮನೆಗೆ, ಅಂದರೆ ಆ ದುಡ್ಡು ದೇಶದಲ್ಲೇ ಉಳಿಯಿತು. ನಿಜವಾಗಿ ಹೊರಟದ್ದು ಬಡ್ಡಿಯನ್ನು ಹುಡುಕಿಕೊಂಡು ಬಂದಿದ್ದ ದುಡ್ಡು. ಎಣ್ಣೆಯ ಬೆಲೆ ಮತ್ತೆ ಏರಿತ್ತು, ಗಲ್ಫಿನ ಹಣ ನಿಂತಿತ್ತು, ದೆಹಲಿಯಲ್ಲಿ ಸರ್ಕಾರಗಳು ಬೀಳುತ್ತಿದ್ದವು. ಭಾರತ ಡಾಲರನ್ನು ವಾಪಸ್ ಕೊಟ್ಟೀತೋ ಇಲ್ಲವೋ ಎಂಬ ಸಂಶಯ ಬಂದ ಕ್ಷಣ, ಬಡ್ಡಿಯ ಒಂದೆರಡು ಅಂಶ ಹೆಚ್ಚಿದ್ದರೇನು ಬಂತು? 1990ರ ಅಕ್ಟೋಬರಿನಲ್ಲಿ ಹನಿಹನಿಯಾಗಿ ಶುರುವಾದದ್ದು 1991ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಸುಮಾರು 95 ಕೋಟಿ ಡಾಲರಾಗಿ ಹರಿದುಹೋಯಿತು. ಆಗ ನಮ್ಮ ಬೊಕ್ಕಸದಲ್ಲಿ ಕೆಲವು ವಾರಗಳ ಆಮದಿಗೆ ಸಾಲುವಷ್ಟೇ ವಿದೇಶಿ ನಾಣ್ಯ ಉಳಿದಿತ್ತು ಎಂದು ನೆನಪಿಟ್ಟು ಈ ಅಂಕಿಯನ್ನು ಓದಬೇಕು. ಮೇ ತಿಂಗಳಲ್ಲಿ 20 ಟನ್ ಚಿನ್ನ ವಿದೇಶಕ್ಕೆ ಹೋಯಿತು, ಜುಲೈಯಲ್ಲಿ ಇನ್ನೂ 47 ಟನ್ನಿನಷ್ಟು ಅಡವಿಗೆ ಹೋಯಿತು. ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಹೆಜ್ಜೆಯಲ್ಲಿ ಇಳಿಸಿ, ಡಾಲರಿಗೆ 21 ಇದ್ದದ್ದನ್ನು 26ರ ಹತ್ತಿರಕ್ಕೆ ತಂದರು.

ಚಿನ್ನದ ಕತೆ ಪತ್ರಿಕೆಗಳಲ್ಲಿ ಬಂತು. ಎಫ್‌ಸಿಎನ್‌ಆರ್‌ನ ಕತೆ ಲೆಕ್ಕಪತ್ರದ ಒಳಗೇ ಉಳಿಯಿತು. 1988ರಲ್ಲಿ ಒಬ್ಬಾತ ಸಾವಿರ ಡಾಲರ್ ಇಟ್ಟನೆನ್ನಿ. ಆಗ ಡಾಲರಿಗೆ ಸುಮಾರು 14 ರೂಪಾಯಿ. ಬ್ಯಾಂಕಿಗೆ ಸಿಕ್ಕಿದ್ದು 14 ಸಾವಿರ ರೂಪಾಯಿ, ಅದನ್ನು ಅದು ಇಲ್ಲಿಯ ಯಾರಿಗೋ ಸಾಲ ಕೊಟ್ಟಿತು. ಮೂರು ವರ್ಷದ ಅವಧಿ ಮುಗಿದು 1991ರ ಜುಲೈಯಲ್ಲಿ ಅವನು ಸಾವಿರ ಡಾಲರ್ ಕೇಳಿದಾಗ ಅದನ್ನು ಕೊಳ್ಳಲು ಬೇಕಾದದ್ದು 26 ಸಾವಿರ. ಅಸಲಿನ ಮೇಲೆಯೇ 12 ಸಾವಿರದ ಅಂತರ, ಬಡ್ಡಿಯ ಡಾಲರು ಬೇರೆ. ಈ ಅಂತರವನ್ನು ಇಟ್ಟವನೂ ಕೊಡಲಿಲ್ಲ, ಬ್ಯಾಂಕೂ ಕೊಡಲಿಲ್ಲ. ರಿಸರ್ವ್ ಬ್ಯಾಂಕ್ ಕೊಟ್ಟಿತು, ಮುಂದೆ ಹೊರಲಾರದೆ ಸರ್ಕಾರದ ಹೆಗಲಿಗೆ ದಾಟಿಸಿತು. ಸರ್ಕಾರ ಎಂದರೆ ಯಾರು ಎಂದು ಎಂಟನೆಯ ತರಗತಿಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ದುಬೈ ಕಾಣದವರೂ, ಸಕ್ಕರೆಗೂ ಸೀಮೆಎಣ್ಣೆಗೂ ಸಾಲು ನಿಂತವರೂ ಸೇರಿ ಆ ಬಡ್ಡಿಯ ಬೇಟೆಗೆ ಚಂದಾ ಕೊಟ್ಟಂತಾಯಿತು. 1993ರಲ್ಲಿ, ವಿನಿಮಯದ ಹೊಣೆಯನ್ನು ಬ್ಯಾಂಕುಗಳೇ ಹೊರುವ ಹೊಸ ಎಫ್‌ಸಿಎನ್‌ಆರ್ ಬಂತು. ಹಳೆಯದು 1994ರ ಆಗಸ್ಟಿನಲ್ಲಿ ನಿಂತಿತು.

ಇನ್ನೊಂದು ಠೇವಣಿ ಇದೆ, ಎನ್‌ಆರ್‌ಇ ಎಂದು. ಇದರಲ್ಲಿ ಹೊರಗಿನ ದುಡ್ಡು ಬಂದು ರೂಪಾಯಿಯಾಗಿ ಕೂರುತ್ತದೆ. ಬೇಕಾದಾಗ ಹೊರಗೆ ಒಯ್ಯಬಹುದು, ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಆದರೆ ರೂಪಾಯಿ ಬಿದ್ದರೆ ನಷ್ಟ ಪೂರ್ತಿ ಇಟ್ಟವನದೇ. ಬಹಳ ಕಾಲ ಇದರ ಬಡ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿತ್ತು. 2011ರಲ್ಲಿ ಶೇಕಡಾ 4ಕ್ಕೂ ಕಡಿಮೆ ಸಿಗುತ್ತಿತ್ತು. ಆ ವರ್ಷ ರೂಪಾಯಿ ಸೊರಗಿ ಡಾಲರ್ ಬೇಕಾದಾಗ, ಡಿಸೆಂಬರ್ 16ರಂದು ಮಿತಿಯನ್ನು ತೆಗೆದುಬಿಟ್ಟರು. ಕೆಲವೇ ದಿನಗಳಲ್ಲಿ ಬ್ಯಾಂಕುಗಳು ಪೈಪೋಟಿಯಿಂದ ಶೇಕಡಾ 9, ಅದಕ್ಕೂ ಮೇಲೆ ಎಂದು ಫಲಕ ಹಾಕಿದವು. ಅತ್ತ ದುಬೈ, ಶಾರ್ಜಾಗಳಲ್ಲಿ ಸಂಬಳ ಇರುವವರಿಗೆ ಬ್ಯಾಂಕುಗಳು ‘ಶೇಕಡಾ 4ಕ್ಕೆ ಸಾಲ’ ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದವು. ಸಂಬಳದ 20 ಪಟ್ಟಿನವರೆಗೆ, 48 ಕಂತಿನಲ್ಲಿ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಲು ಯಾರಿಗೂ ಅರ್ಥಶಾಸ್ತ್ರದ ಪದವಿ ಬೇಕಾಗಲಿಲ್ಲ.

ನನ್ನ ಚಿಕ್ಕಮ್ಮನ ಮಗ ಶಾರ್ಜಾದಲ್ಲಿ ಒಂದು ಕಟ್ಟಡ ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದ. ಬೆಳ್ತಂಗಡಿಯ ಹತ್ತಿರ ಅಡಕೆ ತೋಟದ ನಡುವೆ ತಾಯಿಗೊಂದು ಮನೆ ಕಟ್ಟಿಸುವ ಆಸೆ. 2012ರ ಅಕ್ಟೋಬರ್ ಕೊನೆಯಲ್ಲಿ ಅವನು ಒಂದು ಲಕ್ಷ ದಿರ್ಹಮ್ ಸಾಲ ತೆಗೆದು ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಠೇವಣಿ ಇಟ್ಟ. ಆಗ ದಿರ್ಹಮಿಗೆ 14 ರೂಪಾಯಿ 40 ಪೈಸೆ, ಅಂದರೆ 14 ಲಕ್ಷ 40 ಸಾವಿರ ರೂಪಾಯಿ. ಬಡ್ಡಿ ಶೇಕಡಾ 9. ಒಂಬತ್ತರಿಂದ ನಾಲ್ಕು ಕಳೆದರೆ ಐದು, ವರ್ಷಕ್ಕೆ 72 ಸಾವಿರ ರೂಪಾಯಿ ಸುಮ್ಮನೆ ಬಂದಂತೆ ಎಂದು ಅವನ ಲೆಕ್ಕ. ಅವನೊಬ್ಬನದಲ್ಲ, ಅವನ ಕೋಣೆಯಲ್ಲಿದ್ದ ಇತರರೂ ಇದೇ ಲೆಕ್ಕ ಹಾಕಿದ್ದರಂತೆ.

ಮುಂದಿನ ಸೆಪ್ಟೆಂಬರಿನಲ್ಲಿ ಅವನು ಕಾಗದಪತ್ರಗಳನ್ನು ಹಿಡಿದುಕೊಂಡು ನಮ್ಮ ಮನೆಯ ಚಾವಡಿಗೆ ಬಂದ. “ಅಕ್ಕಾ, ಇದರಲ್ಲಿ ಎಲ್ಲಿ ಎಂತ ಆದದ್ದು ಅಂತ ಒಮ್ಮೆ ನೋಡಿ” ಎಂದ. ನಾನು ಚರಿತ್ರೆಯ ಟೀಚರು, ಬಡ್ಡಿ ಲೆಕ್ಕ ನನ್ನದಲ್ಲ. ನಮ್ಮ ಶಾಲೆಯ ಗಣಿತದ ಟೀಚರನ್ನೂ ಕರೆಸಿಕೊಂಡೆ. ಅವರು ಕನ್ನಡಕ ಏರಿಸಿ ಮೊದಲು ನೋಡಿದ್ದು ಆ ‘ಶೇಕಡಾ 4’ ಅನ್ನು.

“ಇದು ನಾಲ್ಕಲ್ಲ ಮಾರಾಯ, ಏಳೂವರೆ” ಎಂದರು.

ಅವರು ವಿವರಿಸಿದ್ದು ಹೀಗೆ. ಬ್ಯಾಂಕಿನವರು ಇಡೀ ಒಂದು ಲಕ್ಷದ ಮೇಲೆ ವರ್ಷಕ್ಕೆ ನಾಲ್ಕು ಸಾವಿರದಂತೆ ನಾಲ್ಕು ವರ್ಷಕ್ಕೆ 16 ಸಾವಿರ ಬಡ್ಡಿ ಹಾಕಿ, ಒಟ್ಟು 1,16,000ವನ್ನು 48ರಿಂದ ಭಾಗಿಸಿ ತಿಂಗಳ ಕಂತು 2,417 ದಿರ್ಹಮ್ ಎಂದು ಇಟ್ಟಿದ್ದಾರೆ. ಆದರೆ ಇಡೀ ಒಂದು ಲಕ್ಷ ನಾಲ್ಕು ವರ್ಷವೂ ಸಾಲಗಾರನ ಕೈಯಲ್ಲಿ ಇರುವುದಿಲ್ಲವಲ್ಲ. ತಿಂಗಳು ತಿಂಗಳೂ ಅಸಲು ಇಳಿಯುತ್ತಾ ಹೋಗುತ್ತದೆ, ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ. ನಿಜವಾಗಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಕಂತು ಶೇಕಡಾ ಏಳೂವರೆಯ ಸಾಲಕ್ಕೆ ಸಮ. ಹಾಗಾದರೆ ವ್ಯತ್ಯಾಸ ಐದಲ್ಲ, ಬರೀ ಒಂದೂವರೆ.

ಆಮೇಲೆ ಅವರು ಉತ್ತರಪತ್ರಿಕೆಯ ಹಿಂದೆ ಒಂದು ಸಣ್ಣ ಲೆಕ್ಕ ಹಾಕಿದರು. ಅದು ಈಗಲೂ ನನ್ನ ಹತ್ತಿರ ಇದೆ. ಸುಲಭಕ್ಕಾಗಿ ಕಂತುಗಳನ್ನು ಬದಿಗಿಟ್ಟು ಒಂದೇ ವರ್ಷದ್ದು ನೋಡೋಣ. ಠೇವಣಿ ಶೇಕಡಾ 9ರಂತೆ ವರ್ಷಕ್ಕೆ 15,69,600 ರೂಪಾಯಿ ಆಗುತ್ತದೆ. ಸಾಲ ಏಳೂವರೆಯಂತೆ 1,07,500 ದಿರ್ಹಮ್ ಆಗುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 14 ರೂಪಾಯಿ 60 ಪೈಸೆ. ಅಂದರೆ ಇಡುವಾಗ 14.40 ಇದ್ದ ದಿರ್ಹಮ್ ವರ್ಷದ ಕೊನೆಗೆ 14.60ನ್ನು ದಾಟಿದರೆ ಲಾಭ ಮುಗಿಯಿತು, ಅಲ್ಲಿಂದಾಚೆ ನಷ್ಟ. ಇಪ್ಪತ್ತು ಪೈಸೆ! ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲವೆಂದು ಉಳಿಸಿಕೊಳ್ಳಲೂ ನಾಚುವ ಮೊತ್ತ. ಅವನು ನಂಬಿದ್ದ ನಾಲ್ಕರ ಲೆಕ್ಕವೇ ನಿಜವಾಗಿದ್ದರೂ ಮಿತಿ 15 ರೂಪಾಯಿ 10 ಪೈಸೆಯ ಹತ್ತಿರ ಬರುತ್ತಿತ್ತು, ಅದಕ್ಕಿಂತ ಮೇಲೆ ಅಲ್ಲ. ಎರಡು ಬಡ್ಡಿಗಳ ನಡುವಿನ ಅಂತರ ಎಷ್ಟೋ, ವರ್ಷಕ್ಕೆ ನಾಣ್ಯ ಅಷ್ಟು ಬೀಳುವುದನ್ನು ಮಾತ್ರ ತಡೆಯಬಹುದು. ದಿರ್ಹಮ್ ತಾನಾಗಿ ಅಲ್ಲಾಡುವುದಿಲ್ಲ. 1997ರಿಂದ ಡಾಲರಿಗೆ 3.6725 ಎಂದು ಅದನ್ನು ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರ್ ಏರಿದಂತೆ ಅದೂ ಏರುತ್ತದೆ.

ಸೋಜಿಗವೆಂದರೆ ಮೊದಲ ಏಳು ತಿಂಗಳು ಹೆಚ್ಚೇನೂ ಆಗಲಿಲ್ಲ. ಡಾಲರ್ 53, 54, 55ರ ಸುತ್ತ ಆಡುತ್ತಿತ್ತು. ಬಡ್ಡಿ ದಿನದಿನವೂ ಸೇರುತ್ತಿತ್ತು, ಕೋಣೆಯವರೆಲ್ಲ ಖುಷಿಯಾಗಿದ್ದರು. ಈ ವ್ಯವಹಾರದ ಸ್ವಭಾವವೇ ಇದು. ಅಡಕೆ ಮರ ಹತ್ತುವವನು ತಳೆಯಲ್ಲಿ ಪಾದ ಊರಿ ಗೇಣು ಗೇಣಾಗಿ ಏರುತ್ತಾನೆ, ಜಾರಿದರೆ ಮಾತ್ರ ಒಂದೇ ಉಸಿರಿಗೆ ನೆಲ. 2013ರ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬರ್ನಾಂಕೆ, ತಾವು ಮಾರುಕಟ್ಟೆಗೆ ಸುರಿಯುತ್ತಿರುವ ಹಣವನ್ನು ಮುಂದೆ ಕಡಿಮೆ ಮಾಡಬಹುದು ಎಂದು ಅಲ್ಲಿಯ ಸಂಸತ್ತಿನ ಸಮಿತಿಯ ಮುಂದೆ ಒಂದು ಮಾತು ಹೇಳಿದರು. ಅಂದು ಡಾಲರಿಗೆ 55 ರೂಪಾಯಿ ಚಿಲ್ಲರೆ ಇತ್ತು. ಆಗಸ್ಟ್ 28ರಂದು ಅದು 68 ರೂಪಾಯಿ 80 ಪೈಸೆ ಮುಟ್ಟಿತು.

ಅಮೆರಿಕದಲ್ಲಿ ಆಡಿದ ಮಾತಿಗೆ ಬೆಳ್ತಂಗಡಿಯ ಠೇವಣಿ ಏಕೆ ನಡುಗಬೇಕು? ಏಕೆಂದರೆ ನನ್ನ ತಮ್ಮ ಮಾಡಿದ್ದನ್ನೇ ಬಹಳ ದೊಡ್ಡವರು ಬಹಳ ದೊಡ್ಡದಾಗಿ ಮಾಡಿದ್ದರು. 2008ರ ಡಿಸೆಂಬರಿನಿಂದ ಡಾಲರಿನ ಬಡ್ಡಿ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಅಗ್ಗದ ಡಾಲರ್ ಪಡೆದು ಭಾರತದ, ಬ್ರೆಜಿಲಿನ, ಇಂಡೋನೇಷ್ಯಾದ ಸಾಲಪತ್ರಗಳಲ್ಲಿ ಹಾಕಿದ ನಿಧಿಗಳು ಎಷ್ಟೋ. ಡಾಲರಿನ ಬಡ್ಡಿ ಏರಬಹುದು ಎಂಬ ವಾಸನೆ ಸಿಕ್ಕಿದೊಡನೆ ಅವರೆಲ್ಲರೂ ಒಟ್ಟಿಗೆ ರೂಪಾಯಿ ಮಾರಿ ಡಾಲರ್ ಕೊಳ್ಳಲು ನಿಂತರು. ಪಾಣೆಮಂಗಳೂರಿನ ಹಳೆಯ ಸೇತುವೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ಒಂದೊಂದಾಗಿ ಬಂದರೆ ಎಲ್ಲ ವಾಹನಗಳೂ ದಾಟುತ್ತವೆ, ಎಲ್ಲವೂ ಒಂದೇ ಸಲ ಬಂದರೆ ಒಂದೂ ದಾಟುವುದಿಲ್ಲ. ಇಲ್ಲಿಯಂತೂ ಮೊದಲು ದಾಟಿದವನ ಚಕ್ರವೇ ಹಿಂದಿನವನ ದಾರಿಯನ್ನು ಕೆಡಿಸುತ್ತದೆ. ಒಬ್ಬ ಡಾಲರ್ ಕೊಂಡಷ್ಟೂ ಡಾಲರ್ ಏರುತ್ತದೆ, ಏರಿದಷ್ಟೂ ಉಳಿದವರ ನಷ್ಟ ಬೆಳೆಯುತ್ತದೆ, ನಷ್ಟ ಬೆಳೆದಷ್ಟೂ ಅವರಿಗೆ ಸಾಲ ಕೊಟ್ಟವರು ಅವಸರ ಮಾಡುತ್ತಾರೆ. ನಿಧಾನವಾಗಿ ಕಟ್ಟಿದ್ದು ಒಮ್ಮೆಗೇ ಬಿಚ್ಚಿಕೊಳ್ಳುವುದು ಹೀಗೆ.

ಜಪಾನಿನ ಯೆನ್ ಇದರ ದೊಡ್ಡ ಉದಾಹರಣೆ. ತೊಂಬತ್ತರ ದಶಕದ ನಡುವಿನಿಂದ ಅಲ್ಲಿ ಬಡ್ಡಿ ಹೆಸರಿಗೆ ಮಾತ್ರ ಇತ್ತು. ಲೋಕದ ಅರ್ಧ ಜೂಜುಗಾರರು ಯೆನ್‌ನಲ್ಲೇ ಸಾಲ ತೆಗೆಯುತ್ತಿದ್ದರು. 1998ರ ಅಕ್ಟೋಬರಿನಲ್ಲಿ ಅದು ಒಮ್ಮೆ ಬಿಚ್ಚಿಕೊಂಡಿತು. ತೀರಾ ಈಚೆಗೆ, 2024ರ ಜುಲೈ 31ರಂದು ಜಪಾನಿನ ಕೇಂದ್ರ ಬ್ಯಾಂಕು ತನ್ನ ಬಡ್ಡಿಯನ್ನು ಶೇಕಡಾ ಕಾಲಂಶಕ್ಕೆ, ನೆನಪಿಡಿ, ಬರೀ ಕಾಲಂಶಕ್ಕೆ ಏರಿಸಿತು. ಅದೇ ವಾರ ಅಮೆರಿಕದಿಂದ ನಿರುದ್ಯೋಗದ ಕೆಟ್ಟ ಸುದ್ದಿಯೂ ಬಂತು. ಜುಲೈಯಲ್ಲಿ ಡಾಲರಿಗೆ 161ರವರೆಗೆ ಹೋಗಿದ್ದ ಯೆನ್ ಆಗಸ್ಟ್ 5ರ ಹೊತ್ತಿಗೆ 142ರ ಹತ್ತಿರ ಬಂದಿತ್ತು. ಆ ಒಂದು ದಿನ ಟೋಕಿಯೋದ ಷೇರುಪೇಟೆ ಶೇಕಡಾ 12ಕ್ಕೂ ಹೆಚ್ಚು ಕುಸಿಯಿತು. ಮುಂಬೈಯ ಸೆನ್ಸೆಕ್ಸ್ ಕೂಡ 2,200 ಅಂಶ ಇಳಿಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಮ್ಯೂಚುವಲ್ ಫಂಡಿನ ಕಿರಿಯ ಟೀಚರುಗಳು ಅಂದು ಊಟದ ಡಬ್ಬಿ ಮುಚ್ಚಿಟ್ಟು ಮೊಬೈಲು ನೋಡುತ್ತಾ ಕೂತಿದ್ದರು.

ಶಾರ್ಜಾಕ್ಕೆ ಹಿಂದಿರುಗೋಣ. ರೂಪಾಯಿ ಬಿದ್ದ ಆ ಬೇಸಿಗೆಯಲ್ಲಿ ಗಲ್ಫಿನಲ್ಲಿದ್ದ ನಮ್ಮವರಿಗೆಲ್ಲ ದುಃಖವಾಯಿತು ಎಂದು ತಿಳಿಯಬೇಡಿ. ಸಂಬಳ ಕಳಿಸುವವನಿಗೆ ಅದು ಹಬ್ಬ, ಒಂದು ದಿರ್ಹಮಿಗೆ 18 ರೂಪಾಯಿ! ಎಕ್ಸ್‌ಚೇಂಜಿನ ಮುಂದೆ ಸಾಲುಗಟ್ಟಿದರು. ಸಾಲ ತೆಗೆದು ಇಟ್ಟಿದ್ದವನೂ ಕೆಲಸ ಇರುವವರೆಗೆ ಸಾಯುವುದಿಲ್ಲ. ಕಂತು ದಿರ್ಹಮಿನಲ್ಲಿ, ಸಂಬಳವೂ ದಿರ್ಹಮಿನಲ್ಲಿ, ರೂಪಾಯಿಯ ಗೊಡವೆಯಿಲ್ಲದೆ ಕಟ್ಟುತ್ತಾ ಹೋಗಬಹುದು. ತಡವಾಗಿ ಕಳಿಸಿದ್ದರೆ ಲಾಭವಾಗುತ್ತಿತ್ತಲ್ಲ ಎಂಬ ಹೊಟ್ಟೆಯುರಿ ಬಿಟ್ಟರೆ ಬೇರೆ ಸಂಕಟವಿಲ್ಲ. ಸಂಬಳ ನಿಂತಾಗ ಮಾತ್ರ ರೂಪಾಯಿಯನ್ನು ಮತ್ತೆ ದಿರ್ಹಮ್ ಮಾಡಲೇಬೇಕಾಗುತ್ತದೆ, ಅದೂ ಆ ದಿನದ ದರದಲ್ಲಿ.

ಅವನ ಕಂಪೆನಿ ಆಗಸ್ಟಿನಲ್ಲೇ ಒಂದಷ್ಟು ಮಂದಿಯನ್ನು ತೆಗೆಯಿತು. ಸಾಲಕ್ಕೆ ಭದ್ರತೆಯಾಗಿ ಅವನು ಚೆಕ್ ಬರೆದುಕೊಟ್ಟಿದ್ದ. ಆ ಕಾಲಕ್ಕೆ ಅಲ್ಲಿ ಚೆಕ್ ಹಿಂದಿರುಗಿದರೆ ಪೊಲೀಸ್ ಕೇಸು. ಸಾಲ ತೀರಿಸದೆ ವಿಮಾನ ಹತ್ತುವ ಧೈರ್ಯ ಯಾರಿಗಿದೆ? ಊರಿನ ಬ್ಯಾಂಕಿಗೆ ಫೋನು ಮಾಡಿ ಠೇವಣಿ ಮುರಿಯಲು ಹೇಳಿದ. ಅಲ್ಲಿ ಇನ್ನೊಂದು ಹೊಡೆತ ಕಾದಿತ್ತು. ಎನ್‌ಆರ್‌ಇ ಠೇವಣಿ ಒಂದು ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಇಲ್ಲ. ಕಡಿಮೆಯಲ್ಲ, ಸೊನ್ನೆ. ಹತ್ತು ತಿಂಗಳು ಕೂತ 14 ಲಕ್ಷ 40 ಸಾವಿರ ಅಷ್ಟೇ ಆಗಿ ಎದ್ದುಬಂತು. ದಿರ್ಹಮಿಗೆ 18 ರೂಪಾಯಿ 50 ಪೈಸೆಯ ದರದಲ್ಲಿ ಅದು 77,800 ದಿರ್ಹಮ್. ಹತ್ತು ಕಂತು ಕಟ್ಟಿದ ಮೇಲೆ ಉಳಿದಿದ್ದ ಸಾಲ ಸುಮಾರು 81,500. ಕೊರತೆಯನ್ನು ಕಂಪೆನಿ ಕೊನೆಗೆ ಕೊಟ್ಟ ಗ್ರಾಚ್ಯುಟಿಯಿಂದ ತುಂಬಿದ. ಕಟ್ಟಿದ್ದ ಕಂತು 24 ಸಾವಿರ, ಮೇಲೆ ತುಂಬಿದ ಮೂರೂವರೆ ನಾಲ್ಕು ಸಾವಿರ, ಎರಡೂ ಸೇರಿ 28 ಸಾವಿರ ದಿರ್ಹಮಿನ ಹತ್ತಿರ ಹೋಯಿತು. ಅಂದಿನ ದರದಲ್ಲಿ ಐದು ಲಕ್ಷ ರೂಪಾಯಿಯ ಮೇಲೆ. ಮನೆಯ ತಳಪಾಯವೂ ಗೋಡೆಯೂ ಅಷ್ಟರಲ್ಲೇ ಆಗುತ್ತಿದ್ದವು.

ಗಣಿತದ ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಅಕ್ಟೋಬರ್ ಕೊನೆಯಲ್ಲಿ, ನಾವು ಮರೆತಿದ್ದಾಗ, ಅವರೇ ಮತ್ತೆ ಲೆಕ್ಕ ತೆಗೆದರು. ಅಷ್ಟು ಹೊತ್ತಿಗೆ ಡಾಲರ್ 61.50ಕ್ಕೆ ಇಳಿದಿತ್ತು, ದಿರ್ಹಮ್ 16.75ಕ್ಕೆ. ಎರಡೇ ತಿಂಗಳು ಕೆಲಸ ಉಳಿದಿದ್ದರೆ ಠೇವಣಿಗೆ ವರ್ಷ ತುಂಬಿ ಬಡ್ಡಿಯೂ ಸೇರುತ್ತಿತ್ತು, ಸಿಗುವುದು 93 ಸಾವಿರ ದಿರ್ಹಮಿನ ಮೇಲಾಗುತ್ತಿತ್ತು. ಆಗಲೂ ನಷ್ಟವೇ, ಆದರೆ ಅರ್ಧಕ್ಕಿಂತ ಕಡಿಮೆ. ಅವನನ್ನು ಮುಳುಗಿಸಿದ್ದು ರೂಪಾಯಿ ಬಿದ್ದದ್ದೊಂದೇ ಅಲ್ಲ, ಬಿದ್ದ ದಿನವೇ ಅವನು ಏಳಬೇಕಾಗಿ ಬಂದದ್ದು. ಸಾಲದ ದುಡ್ಡಿನಲ್ಲಿ ಕಾಯುವ ಹಕ್ಕು ಇರುವುದಿಲ್ಲ. ಈ ಹೊಸ ಲೆಕ್ಕವನ್ನು ಅವನಿಗೆ ತೋರಿಸುವುದು ಬೇಡವೆಂದು ನಾವಿಬ್ಬರೂ ಮಾತಾಡಿಕೊಂಡೆವು. ಕೆಲವು ಲೆಕ್ಕಗಳಿಂದ ಯಾರಿಗೂ ಉಪಯೋಗವಿಲ್ಲ.

ಡಾಲರ್ ಹಾಗೆ ಇಳಿದದ್ದು ಹೇಗೆ ಎಂಬುದೇ ಈ ಚರಿತ್ರೆಯ ಕೊನೆಯ ಅಧ್ಯಾಯ. ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಅಂದೇ ಒಂದು ಏರ್ಪಾಡು ಪ್ರಕಟಿಸಿದರು. ಅನಿವಾಸಿಗಳಿಂದ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಎಫ್‌ಸಿಎನ್‌ಆರ್ ಡಾಲರ್ ಠೇವಣಿ ತನ್ನಿ, ಆ ಡಾಲರನ್ನು ನಾವು ತೆಗೆದುಕೊಂಡು ರೂಪಾಯಿ ಕೊಡುತ್ತೇವೆ, ಅವಧಿ ಮುಗಿದಾಗ ಡಾಲರನ್ನೇ ವಾಪಸ್ ಕೊಡುತ್ತೇವೆ, ಇದಕ್ಕೆ ನೀವು ವರ್ಷಕ್ಕೆ ಶೇಕಡಾ 3.5 ಕೊಟ್ಟರೆ ಸಾಕು ಎಂದು ಬ್ಯಾಂಕುಗಳಿಗೆ ಹೇಳಿದರು. ಮಾರುಕಟ್ಟೆಯಲ್ಲಿ ಅದೇ ರಕ್ಷಣೆಗೆ ಅದಕ್ಕಿಂತ ಬಹಳ ಹೆಚ್ಚು ಕೊಡಬೇಕಾಗಿತ್ತು. ರೂಪಾಯಿ ಬಿದ್ದರೆ ಹೊರೆ ಪುನಃ ರಿಸರ್ವ್ ಬ್ಯಾಂಕಿನದು. 1975ರ ಹಳೆಯ ಹೊದಿಕೆಯನ್ನೇ ಒಗೆದು ಮೂರು ತಿಂಗಳ ಮಟ್ಟಿಗೆ ಮತ್ತೆ ಹಾಸಿದಂತೆ.

ಕಿಟಕಿ ತೆರೆದದ್ದು ಗೊತ್ತಾದೊಡನೆ ವಿದೇಶಿ ಬ್ಯಾಂಕುಗಳು ತಾವಾಗಿ ಸಾಲ ಹಿಡಿದುಕೊಂಡು ಬಂದವು. ಲೆಕ್ಕ ಹೀಗಿರುತ್ತಿತ್ತು: ಕೈಯಿಂದ ಒಂದು ಲಕ್ಷ ಡಾಲರ್ ಹಾಕಿ, ಒಂಬತ್ತು ಲಕ್ಷ ನಾವು ಕೊಡುತ್ತೇವೆ. ಹತ್ತು ಲಕ್ಷಕ್ಕೆ ಶೇಕಡಾ 5ರಂತೆ 50 ಸಾವಿರ ಬಡ್ಡಿ ಬಂತೆನ್ನಿ, ಸಾಲಕ್ಕೆ ಶೇಕಡಾ 3ರಂತೆ 27 ಸಾವಿರ ಹೋಯಿತು, ಉಳಿದ 23 ಸಾವಿರ ಒಂದು ಲಕ್ಷದ ಮೇಲಿನ ಗಳಿಕೆ. ಸಾಲವೂ ಡಾಲರ್, ಠೇವಣಿಯೂ ಡಾಲರ್, ಇಟ್ಟವನಿಗೆ ಕೂದಲು ಕೊಂಕುವುದಿಲ್ಲ. ಆದರೆ ಇದು ಸ್ಟೋರ್ ಕೀಪರುಗಳಿಗೆ ಕರೆ ಬರುವ ವ್ಯವಹಾರವಲ್ಲ. ಕೈಯಲ್ಲಿ ದೊಡ್ಡ ಮೊತ್ತ ಇದ್ದವರನ್ನು ಮಾತ್ರ ಬ್ಯಾಂಕುಗಳು ಹುಡುಕಿಕೊಂಡು ಹೋದವು. ಹೊರೆ ತನ್ನದೇ ಆದ ಎನ್‌ಆರ್‌ಇ ಬಡವನ ಪಾಲಿಗೆ, ಹೊರೆ ಸರ್ಕಾರದ್ದಾದ ಎಫ್‌ಸಿಎನ್‌ಆರ್ ಉಳ್ಳವನ ಪಾಲಿಗೆ ಎಂದಾದದ್ದು ನನಗೆ ಈಗಲೂ ನುಂಗಲಾಗದ ಸಂಗತಿ. ನವೆಂಬರ್ 30ಕ್ಕೆ ಕಿಟಕಿ ಮುಚ್ಚುವಾಗ ಈ ಠೇವಣಿಗಳಿಂದ 2,600 ಕೋಟಿ ಡಾಲರ್, ಬ್ಯಾಂಕುಗಳು ತಾವೇ ಹೊರಗಿನಿಂದ ತಂದ ಸಾಲವೂ ಸೇರಿ 3,400 ಕೋಟಿ ಡಾಲರ್ ಬಂದಿತ್ತು. ರೂಪಾಯಿ ನಿಂತಿತು.

ರಾಜನ್ ಅವರ ಪಂಥ ಗೆದ್ದಿತೇ? ಮೂರು ವರ್ಷದಲ್ಲಿ ಡಾಲರ್ 62, 63ರಿಂದ 67ರ ಹತ್ತಿರಕ್ಕೆ ಹೋಯಿತು, ಅಂದರೆ ಶೇಕಡಾ ಏಳರಷ್ಟು. ಬ್ಯಾಂಕುಗಳಿಂದ ವರ್ಷಕ್ಕೆ ಮೂರೂವರೆಯಂತೆ ಬಂದದ್ದು ಅದಕ್ಕಿಂತ ಹೆಚ್ಚು. 1991ರಂತೆ 14 ಇದ್ದದ್ದು 26 ಆಗಲಿಲ್ಲ. ಎಣ್ಣೆಯ ಬೆಲೆ 2014ರಲ್ಲಿ ಕುಸಿದದ್ದು ದೊಡ್ಡ ಪುಣ್ಯ. ಅದು ಕುಸಿಯುತ್ತದೆ ಎಂದು ಕಿಟಕಿ ತೆರೆದ ದಿನ ಯಾರಿಗೂ ಗೊತ್ತಿರಲಿಲ್ಲ.

ಆ ಠೇವಣಿಗಳು ತೀರಬೇಕಾದದ್ದು 2016ರ ಸೆಪ್ಟೆಂಬರಿನಿಂದ ನವೆಂಬರಿನೊಳಗೆ. ಅಷ್ಟೊಂದು ಡಾಲರ್ ಒಮ್ಮೆಗೇ ಹೊರಟರೆ ಏನಾದೀತೋ ಎಂದು ಹಣಕಾಸಿನವರು ತಿಂಗಳುಗಟ್ಟಲೆ ಬರೆದರು. ರಿಸರ್ವ್ ಬ್ಯಾಂಕ್ ಮೊದಲೇ ಡಾಲರ್ ಕೂಡಿಟ್ಟುಕೊಂಡಿತ್ತು, ಮೂರು ತಿಂಗಳಲ್ಲಿ ಹಂಚಿ ಕೊಟ್ಟು ಮುಗಿಸಿತು. ನವೆಂಬರ್ 8ರ ರಾತ್ರಿ ಐನೂರು ಸಾವಿರದ ನೋಟುಗಳು ರದ್ದಾದವು. ಸಿದ್ಧಕಟ್ಟೆಯಲ್ಲಿ ಬೆಳಗ್ಗೆ ಆರು ಗಂಟೆಗೇ ಬ್ಯಾಂಕಿನ ಮುಂದೆ ಸಾಲು ನಿಂತೆವು. ಕೈಯಲ್ಲಿ ಆಧಾರ್ ಕಾರ್ಡಿನ ಪ್ರತಿ, ಬಾಯಲ್ಲಿ ನೋಟಿನ ಮಾತು. ಅದೇ ವಾರಗಳಲ್ಲಿ ಆ ಕೊನೆಯ ಡಾಲರುಗಳು ಬಂದ ದಾರಿಯಲ್ಲೇ ಸದ್ದಿಲ್ಲದೆ ಹೊರಟುಹೋದವು.